ಶೈಲಾಗೆ, ಆ ಕೊನೆಯ ಕಾರ್ಡಿನ ಬಗ್ಗೆ

ಗಂಗಾವತಿ
ಸೋಮವಾರ

ಪ್ರೀತಿಯ ಶೈಲಾ,

ನಿನ್ನೆ ನೀನು ಚಹಾ ಅರ್ಧಕ್ಕೇ ಬಿಟ್ಟು ಸಿಂಧನೂರು ಬಸ್ಸಿಗೆ ಹೊರಟುಬಿಟ್ಟೆ. ಕಣ್ಣು ಒರೆಸಿಕೊಳ್ಳುತ್ತಾ ಮೆಟ್ಟಿಲು ಇಳಿದದ್ದು ಇನ್ನೂ ಕಣ್ಣ ಮುಂದಿದೆ. ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು ಅಂತ ನಾನೂ ತಡೆಯಲಿಲ್ಲ. ಅದು ನನ್ನ ತಪ್ಪು. ಟ್ಯಾರೋ ಓದುವಾಗ ಕೊನೆಯ ಕಾರ್ಡ್ ತೋರಿಸಿ, ಅದರ ಮಾತು ಪೂರ್ತಿ ಹೇಳದೆ ಯಾರನ್ನೂ ಕಳಿಸಬಾರದು. ಅದಕ್ಕೇ ಈ ಪತ್ರ.

ರಾತ್ರಿ ನೀನು ಫೋನಿನಲ್ಲಿ ಕೇಳಿದ್ದು ಒಂದೇ: "ಅಕ್ಕಾ, ಅವನು ನನ್ನ ಕೈಬಿಡ್ತಾನಾ?" ಕಾರ್ಡ್ ಹಾಗೆ ಹೇಳಿಲ್ಲ ತಂಗಿ. ಐದೂ ಕಾರ್ಡನ್ನು ಒಟ್ಟಿಗೆ ಇಟ್ಟು ನೋಡೋಣ.

ನಿನ್ನ ಜಾಗದಲ್ಲಿ ಕ್ವೀನ್ ಆಫ್ ಕಪ್ಸ್ ಬಂತು. ಅವಳ ಕೈಯಲ್ಲಿರುವ ಬಟ್ಟಲಿಗೆ ಮುಚ್ಚಳ ಇದೆ. ಒಳಗೆ ಏನಿದೆ ಅಂತ ಕಾಣುವುದಿಲ್ಲ, ಆದರೂ ಅದರ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಮೂರು ವರ್ಷದಿಂದ ನೀನು ಅವನ ಮನಸ್ಸನ್ನು ನೋಡುತ್ತಾ ಕೂತಿರುವುದೂ ಹಾಗೇ ಅಲ್ವಾ? ಅವನ ಜಾಗದಲ್ಲಿ ಫೋರ್ ಆಫ್ ಪೆಂಟಕಲ್ಸ್. ತಲೆಯ ಮೇಲೊಂದು ನಾಣ್ಯ, ಎದೆಗೆ ಅವುಚಿಕೊಂಡದ್ದು ಒಂದು, ಪಾದದ ಕೆಳಗೆ ಎರಡು. ಆ ಮನುಷ್ಯ ಕೆಟ್ಟವನಲ್ಲ, ಹೆದರಿದವನು. ಅಲುಗಾಡಿದರೆ ಏನೋ ಬಿದ್ದುಹೋಗುತ್ತದೆ ಅಂತ ಕೂತಲ್ಲೇ ಕೂತಿದ್ದಾನೆ. ಬೆಂಗಳೂರಿನ ಕೆಲಸ, ಅಕ್ಕನ ಮದುವೆ ಸಾಲ, ಮನೆಯವರು ಏನಂತಾರೋ ಅನ್ನುವ ಭಯ. ಇದೆಲ್ಲ ನೀನೇ ಹೇಳಿದ್ದು.

ನಿಮ್ಮಿಬ್ಬರ ನಡುವೆ ಟೂ ಆಫ್ ಕಪ್ಸ್ ಬಂದಿದೆ, ಅದೂ ನೆಟ್ಟಗೆ. ನಿಮ್ಮ ಪ್ರೀತಿ ಸುಳ್ಳಲ್ಲ. ಇದನ್ನು ನಾನು ನಿನ್ನೆಯೇ ಒತ್ತಿ ಹೇಳಬೇಕಿತ್ತು.

ತೊಡಕು ಇರುವುದು ನಾಲ್ಕನೆಯದರಲ್ಲಿ. ಟೂ ಆಫ್ ಸ್ವೋರ್ಡ್ಸ್. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣು, ಎದೆಗೆ ಅಡ್ಡವಾಗಿ ಎರಡು ಕತ್ತಿ ಹಿಡಿದು ಕೂತಿದ್ದಾಳೆ. ಟ್ಯಾರೋದಲ್ಲಿ ಕತ್ತಿ ಅಂದರೆ ಮಾತು, ವಿಚಾರ. ಅವನನ್ನು ಕೇಳದೇ ಉಳಿದ ಮಾತು ನಿನ್ನ ಕೈಯಲ್ಲಿದೆ. "ಈ ವರ್ಷ ಮನೆಯಲ್ಲಿ ಹೇಳ್ತೀಯಾ, ಇಲ್ವಾ?" ಜಗಳ ಆದೀತು ಅಂತ ನೀನು ಕೇಳಲಿಲ್ಲ. "ಮುಂದಿನ ಹಬ್ಬಕ್ಕೆ ನೋಡೋಣ" ಅಂತ ಅವನೂ ಮುಂದೂಡುತ್ತಾ ಬಂದ.

ಎರಡರ ನಂತರ ಮೂರು. ಥ್ರೀ ಆಫ್ ಸ್ವೋರ್ಡ್ಸ್, ನಿನ್ನನ್ನು ಅಳಿಸಿದ ಕಾರ್ಡ್. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಆ ಚಿತ್ರವನ್ನು ಮತ್ತೊಮ್ಮೆ ನೆನಪು ಮಾಡಿಕೋ. ಕೆಂಪು ಹೃದಯ, ಅದರಲ್ಲಿ ನೆಟ್ಟ ಮೂರು ಕತ್ತಿ, ಹಿಂದೆ ಮೋಡ, ಮಳೆ. ಅಷ್ಟೇ. ಕತ್ತಿ ಹಿಡಿದ ಕೈ ಎಲ್ಲೂ ಇಲ್ಲ. ಮೂರನೇ ಹುಡುಗಿಯೂ ಇಲ್ಲ, ಮೋಸಗಾರನೂ ಇಲ್ಲ. ಹಿಡಿದಿಟ್ಟುಕೊಂಡ ಮಾತು ಕೊನೆಗೆ ಒಳಗೇ ಚುಚ್ಚುತ್ತದೆ ಅಂತ ನಾನು ಅದನ್ನು ಓದುತ್ತೇನೆ. ನೋವು ಇಲ್ಲ ಅಂತ ಸುಮ್ನೆ ಸಮಾಧಾನ ಹೇಳಲಾರೆ. ಹೀಗೇ ನಡೆದರೆ ನೋವು ಖಂಡಿತ ಇದೆ.

ಆದರೆ "ಹೀಗೇ ನಡೆದರೆ" ಅನ್ನುವುದನ್ನು ಮರೆಯಬೇಡ. ನಿಮ್ಮ ಅಪ್ಪನ ಗದ್ದೆಗೆ ಎಡದಂಡೆ ಕಾಲುವೆಯ ನೀರೇ ಆಧಾರ ಅಂದಿದ್ದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ ಎಲ್ಲರೂ ಈ ಬೆಳೆ ಮುಗಿಯಿತು ಅಂತ ಎದೆ ಹಿಡಿದುಕೊಂಡಿದ್ದೆವು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದರು. ಎಲ್ಲಿ ಹೋಗಿದೆ ಅಂತ ಕಂಡದ್ದಕ್ಕೇ ಅಲ್ಲಿ ಕೈ ಹಾಕಲು ಆಯಿತು. ನಿನ್ನ ವಿಷಯದಲ್ಲಿ ಎಲ್ಲಿ ಹೋಗಿದೆ ಅಂತ ನಾಲ್ಕನೇ ಕಾರ್ಡ್ ತೋರಿಸಿದೆ.

ಇನ್ನೊಂದು ಸಲ ಕಾರ್ಡ್ ಹಾಕಿ ಅಂದೆಯಲ್ಲ, ಈಗ ಹಾಕುವುದಿಲ್ಲ. ಬೇಕಾದ ಕಾರ್ಡ್ ಬರುವವರೆಗೆ ಹಾಕಿದರೆ 78ರಲ್ಲಿ ಒಂದು ಚೆಂದದ್ದು ಬಂದೇ ಬರುತ್ತದೆ. ಅದನ್ನು ನಂಬಿ ನೀನು ಮತ್ತೊಂದು ವರ್ಷ ಕಾಯುತ್ತೀಯ. ಪರಿಹಾರಕ್ಕೆ ಎಷ್ಟು ದುಡ್ಡು ಅಂತಲೂ ಕೇಳಿದೆ. ಈ ಕಾರ್ಡಿಗೆ ಪೂಜೆ, ಯಂತ್ರ ಏನೂ ಇಲ್ಲ. ಯಾರಾದರೂ ಇದೆ ಅಂತ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡ. ನಿನ್ನ ಸಂಬಳ ನಿನ್ನ ಹತ್ತಿರವೇ ಇರಲಿ.

ಅವನ ಜೊತೆ ಮಾತಾಡು. ಫೋನಿನಲ್ಲಿ ಬೇಡ, ಅವನು ಊರಿಗೆ ಬಂದಾಗ ಎದುರಿಗೆ ಕೂತು. ಅವನು "ಆಗಲ್ಲ" ಅಂದರೆ ಅತ್ತುಬಿಡು. ಆ ಹೊತ್ತಿಗೆ ನಿಮ್ಮ ಅವ್ವನಿಗೋ ಗೆಳತಿಗೋ ಮೊದಲೇ ವಿಷಯ ಗೊತ್ತಿರಲಿ, ಒಬ್ಬಳೇ ಇರಬೇಡ. "ಹೇಳ್ತೀನಿ" ಅಂದರೆ ಯಾವತ್ತು ಅಂತ ದಿನ ಕೇಳು.

ನಿನ್ನ ಊಟದ ಡಬ್ಬಿ ಇಲ್ಲೇ ಉಳಿದಿದೆ, ತೊಳೆದಿಟ್ಟಿದ್ದೇನೆ. ಮಾತಾಡಿ ಆದ ಮೇಲೆ ಒಂದು ಭಾನುವಾರ ಬಾ. ಕಾರ್ಡ್ ತೆಗೆಯುವುದಿಲ್ಲ, ಚಹಾ ಪೂರ್ತಿ ಕುಡಿದು ಹೋಗುವಿಯಂತೆ.

ನಿನ್ನ,
ವಿಜಯಕ್ಕ