ನಾಲ್ಕನೇ ವಾರ: ಒಂಬತ್ತು ಸಲ ‘ಇರಲಿ’

ಭಾನುವಾರ ರಾತ್ರಿ

ದಿನಕ್ಕೊಂದರಂತೆ ನನ್ನ ಚಿಂತೆ, ಖುಷಿಗಳನ್ನು ನಾನೇ ಹೇಳಿಕೊಂಡ ನಾಲ್ಕು ವಾರದ ರೆಕಾರ್ಡಿಂಗ್‌ಗಳನ್ನು ಇವತ್ತು ಕೂತು ಪೂರ್ತಿ ಕೇಳಿದೆ. 28 ದಿನಗಳಲ್ಲಿ 23 ಇವೆ. ತಪ್ಪಿಸಿದ ಐದರಲ್ಲಿ ಮೂರು ಗುರುವಾರ. ಅವತ್ತು ಆಫೀಸಿನಲ್ಲಿ ವಾರದ ಮೀಟಿಂಗ್. ಮನೆಗೆ ಬಂದ ಮೇಲೆ ಬಾಯಿ ತೆರೆಯುವುದೇ ಬೇಡ ಅನ್ನಿಸಿರುತ್ತದೆ.

ಮೊದಮೊದಲು ಮುಜುಗರವಾಯಿತು. ನನ್ನ ದನಿ ಇಷ್ಟು ತೆಳ್ಳಗಿದೆಯಾ? ಮಾತಾಡುವಾಗ ನಮ್ಮ ದನಿ ತಲೆಯ ಮೂಳೆಗಳ ಮೂಲಕವೂ ಕಿವಿ ಮುಟ್ಟುತ್ತದೆ, ಅದಕ್ಕೇ ನಮಗೆ ಅದು ದಪ್ಪ ಕೇಳಿಸುವುದು. ಗೊತ್ತಿದ್ದರೂ ಸಮಾಧಾನವಾಗಲಿಲ್ಲ ಬಿಡಿ.

ಚಿಂತೆಗಳಲ್ಲಿ ಜಾಸ್ತಿ ಬಂದದ್ದು ಆಫೀಸಿನ ರಿಪೋರ್ಟ್. 17 ರೆಕಾರ್ಡಿಂಗ್‌ಗಳಲ್ಲಿ ಇದೆ. "ಈ ಸಲ ಖಂಡಿತ ತಡ ಆಗುತ್ತೆ" ಎಂದು ಮೊದಲ ವಾರ ಹೇಳಿದ್ದನ್ನೇ ಮೂರನೇ ವಾರವೂ ಅದೇ ರಾಗದಲ್ಲಿ ಹೇಳಿದ್ದೇನೆ. ನಿಜಕ್ಕೂ ತಡವಾದದ್ದು ನಾಲ್ಕರಲ್ಲಿ ಒಂದು. ಅದೂ ಅರ್ಧ ದಿನ. ಯಾರೂ ಕೇಳಲಿಲ್ಲ.

ನಿದ್ದೆಯ ಗೊಣಗಾಟವೂ ಇದೆ. ಆದರೆ ಹಾಗೆ ಗೊಣಗಿದ್ದೆಲ್ಲ ರಾತ್ರಿ ಹನ್ನೆರಡರ ಮೇಲೆ, ಫೋನ್ ಕೈಯಲ್ಲಿ ಹಿಡಿದುಕೊಂಡೇ. ಇದಕ್ಕೆ ಬೇರೆ ತನಿಖೆ ಬೇಕಿಲ್ಲ.

ನನ್ನನ್ನು ನಿಲ್ಲಿಸಿದ್ದು ಅಪ್ಪನ ವಿಷಯ. ಒಂಬತ್ತು ಕಡೆ ಬಂದಿದೆ, ಒಂಬತ್ತೂ ಸಲ ಕೊನೆಯಲ್ಲೇ. "ಹಾಂ, ಅಪ್ಪ ಫೋನಿನಲ್ಲಿ ಮತ್ತೆ ಅದನ್ನೇ ಕೇಳಿದರು... ಇರಲಿ." ಅಷ್ಟೇ, ರೆಕಾರ್ಡಿಂಗ್ ಮುಗಿಯುತ್ತದೆ. ಅವರು ಈಗೀಗ ಹತ್ತು ನಿಮಿಷದಲ್ಲಿ ಒಂದೇ ಪ್ರಶ್ನೆ ಎರಡು ಸಲ ಕೇಳುತ್ತಾರೆ. ರಿಪೋರ್ಟಿಗೆ ಐದು ನಿಮಿಷ ಸುರಿದವನು ಇದಕ್ಕೆ ಐದು ಸೆಕೆಂಡೂ ಕೊಟ್ಟಿಲ್ಲ. ಬಿಡಿ ಬಿಡಿಯಾಗಿ ಹೇಳಿದಾಗ ಇದು ಗೊತ್ತೇ ಆಗಿರಲಿಲ್ಲ.

ಕಳೆದ ವಾರದ ಎರಡು ರೆಕಾರ್ಡಿಂಗ್ ಬುಧವಾರ ಸುಮ್ನೆ ಕೇಳಿದ್ದೆ. ಆಗಲೇ ಏನೋ ಚುಚ್ಚಿ ಅಕ್ಕನಿಗೆ ಫೋನ್ ಮಾಡಿದೆ. "ನನಗೂ ಅನ್ನಿಸಿದೆ ಕಣೋ, ನೀನು ಗಾಬರಿಯಾಗ್ತೀಯ ಅಂತ ಸುಮ್ಮನಿದ್ದೆ" ಎಂದಳು. ನಾನು ಸುಮ್ಮನಿದ್ದದ್ದೂ ಅದೇ ಕಾರಣಕ್ಕೆ. ಮುಂದಿನ ಶುಕ್ರವಾರ ಇಬ್ಬರೂ ಸೇರಿ ಅಪ್ಪನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು. ಅಪ್ಪನಿಗೆ ಹೇಳುವ ಕೆಲಸ ಅಕ್ಕನದು; ನಾನು ಹೇಳಿದರೆ ಜಗಳವಾಗುತ್ತದೆ.

ಖುಷಿಯ ಸಂಗತಿಗಳನ್ನು ಹುಡುಕಿ ತೆಗೆಯಬೇಕಾಯಿತು. ಎಲ್ಲ ಅರ್ಧ ವಾಕ್ಯದವು. ಸೋರುತ್ತಿದ್ದ ನಲ್ಲಿಯ ವಾಷರ್ ನಾನೇ ಬದಲಿಸಿದ್ದೆ, ಮರೆತೇಹೋಗಿತ್ತು! ಮೀಟಿಂಗಿನಲ್ಲಿ ಒಮ್ಮೆ "ಇದು ಈ ವಾರ ಆಗುವುದಿಲ್ಲ" ಎಂದಿದ್ದೆ, ಸಾರಿ ಸೇರಿಸದೆ. ಈ ಗುರುವಾರ ರೆಕಾರ್ಡಿಂಗ್ ತಪ್ಪಿಸಲಿಲ್ಲ, 40 ಸೆಕೆಂಡಿನದ್ದಾದರೂ.

ಇವತ್ತಿನದನ್ನು ಅಪ್ಪನಿಂದಲೇ ಶುರು ಮಾಡಿದೆ. ನಡುವೆ "ಇರಲಿ" ಬಾಯಿಗೆ ಬಂತು. ಆದರೆ ಬಟನ್ ಒತ್ತಲಿಲ್ಲ, ಮುಂದುವರಿಸಿದೆ.