ಕಾರ್ಡಿಯೊ, ಹೆಪಾಟೊ ಮತ್ತು ನಮ್ಮ ಲೋಪಸಂಧಿ: ನರ್ಸಿಂಗ್ ಮೊದಲ ವರ್ಷದವರಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಈಗ ನರ್ಸಿಂಗ್‌ಗೆ ಸೇರಿದವರಿಗಾಗಿ ಈ ಪಾಠ. ಅನಾಟಮಿ ಪುಸ್ತಕ ತೆರೆದ ಕೂಡಲೇ ಉದ್ದುದ್ದ ಪದಗಳು ಎದುರಾಗುತ್ತವೆ. ಅವನ್ನು ಇಡಿಯಾಗಿ ಬಾಯಿಪಾಠ ಮಾಡಲು ಹೊರಟರೆ ಒಂದು ತಿಂಗಳೊಳಗೆ ಸುಸ್ತಾಗುತ್ತದೆ. ಹಾಗೆ ಮಾಡಬೇಕಾಗಿಯೂ ಇಲ್ಲ. ಈ ಪದಗಳನ್ನು ಒಡೆಯಲು ಬೇಕಾದ ಉಪಾಯ ನೀವು ಕನ್ನಡ ವ್ಯಾಕರಣದಲ್ಲೇ ಕಲಿತಿದ್ದೀರಿ.

ಇವೆಲ್ಲ ಇಂಗ್ಲಿಷ್ ಪುಸ್ತಕದಲ್ಲಿದ್ದರೂ ಹೆಚ್ಚಿನವು ಗ್ರೀಕ್ ಪದಗಳು. ಹಿಪೊಕ್ರಟಿಸ್ ಕಾಲದಿಂದ ವೈದ್ಯರು ಬರೆದದ್ದು ಗ್ರೀಕ್‌ನಲ್ಲಿ. ರೋಮ್‌ನಲ್ಲಿದ್ದ ಗ್ಯಾಲನ್ ಕೂಡ ಗ್ರೀಕ್‌ನಲ್ಲೇ ಬರೆದ. ಹಾಗಾಗಿ ನಿಮ್ಮ ಪಕ್ಕದಲ್ಲಿ ಕೂತ ಇಂಗ್ಲಿಷ್ ಮೀಡಿಯಂ ಹುಡುಗಿಗೂ ಇವು ಹೊಸವೇ. ನಿಮಗಿಂತ ಅವಳು ಮುಂದಿದ್ದಾಳೆ ಎಂಬ ಅಳುಕು ಬೇಡ.

ಮೊದಲು ಒಡೆಯುವುದು ಹೇಗೆ ನೋಡೋಣ. ಪದದ ಹೊಟ್ಟೆಯಲ್ಲಿ ಒಂದು ಅಂಗದ ಹೆಸರಿರುತ್ತದೆ, ಕೊನೆಯಲ್ಲಿ ಆ ಅಂಗಕ್ಕೆ ಏನಾಗಿದೆ ಎಂಬುದಿರುತ್ತದೆ. ಕೆಲವಕ್ಕೆ ಮುಂದುಗಡೆ ಇನ್ನೊಂದು ತುಂಡು ಅಂಟಿಕೊಂಡಿರುತ್ತದೆ. ಓದುವಾಗ ಬಾಲದಿಂದ ಶುರು ಮಾಡಿ. ‘ಗ್ಯಾಸ್ಟ್ರೈಟಿಸ್’ ತೆಗೆದುಕೊಳ್ಳಿ. ಕೊನೆಯ ‘ಐಟಿಸ್’ ಎಂದರೆ ಉರಿಯೂತ. ‘ಗ್ಯಾಸ್ಟ್ರೊ’ ಎಂದರೆ ಜಠರ. ಎರಡೂ ಸೇರಿ ಜಠರದ ಉರಿಯೂತ.

ಆದರೆ ಗ್ಯಾಸ್ಟ್ರೊ ಎಂಬುದರ ಕೊನೆಯ ‘ಒ’ ಎಲ್ಲಿಗೆ ಹೋಯಿತು? ಲೋಪಸಂಧಿ ನೆನಪಿದೆ ಅಲ್ವಾ? ಊರು + ಅಲ್ಲಿ = ಊರಲ್ಲಿ. ಮುಂದೆ ಸ್ವರ ಬಂದಾಗ ಹಿಂದಿನ ಸ್ವರ ಬಿದ್ದುಹೋಗುತ್ತದೆ. ಇಲ್ಲೂ ಹಾಗೆಯೇ. ಗ್ಯಾಸ್ಟ್ರೊ + ಐಟಿಸ್ = ಗ್ಯಾಸ್ಟ್ರೈಟಿಸ್. ಹೆಪಾಟೊ + ಐಟಿಸ್ = ಹೆಪಟೈಟಿಸ್. ಮುಂದೆ ವ್ಯಂಜನ ಬಂದರೆ ‘ಒ’ ಉಳಿಯುತ್ತದೆ: ಕಾರ್ಡಿಯೊ + ಲಾಜಿ = ಕಾರ್ಡಿಯಾಲಜಿ. ಉಚ್ಚಾರ ಸ್ವಲ್ಪ ಬದಲಾದರೂ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಆ ‘ಒ’ ಹಾಗೆಯೇ ಇದೆ. ಒಂದು ಕಡೆ ಮಾತ್ರ ನಿಯಮ ಸ್ವಲ್ಪ ಬೇರೆ. ಎರಡು ಅಂಗಗಳ ಹೆಸರು ಜೊತೆಗೆ ಬಂದರೆ ನಡುವಿನ ‘ಒ’ ಸಾಮಾನ್ಯವಾಗಿ ಬೀಳುವುದಿಲ್ಲ. ಗ್ಯಾಸ್ಟ್ರೊಎಂಟರೈಟಿಸ್ ಹಾಗೆ ಆದದ್ದು. ಎಂಟೆರೊ ಎಂದರೆ ಕರುಳು.

ಈಗ ಹೆಪಾಟೊಗೆ ಬರೋಣ. ನಮ್ಮ ಊರಿನವರಿಗೆ ಇದರಲ್ಲಿ ಕಲಿಯುವುದು ಜಾಸ್ತಿ ಇದೆ. ಗ್ರೀಕ್‌ನಲ್ಲಿ ‘ಹೇಪಾರ್’ ಎಂದರೆ ಲಿವರ್. ಸಂಸ್ಕೃತದ ‘ಯಕೃತ್’ ಮತ್ತು ಈ ಹೇಪಾರ್ ಒಂದೇ ಮೂಲದಿಂದ ಬಂದ ಪದಗಳು. ಕೇಳಲು ದೂರ ಅನಿಸುತ್ತದೆ, ಆದರೆ ಭಾಷಾಶಾಸ್ತ್ರಜ್ಞರು ಈ ನಂಟನ್ನು ಗಟ್ಟಿಯಾಗಿ ತೋರಿಸಿದ್ದಾರೆ. ಹೆಪಟೈಟಿಸ್ ಲಿವರ್‌ನ ಉರಿಯೂತ. ಹೆಪಟೊಮೆಗಲಿ ಎಂದರೆ ಲಿವರ್ ದೊಡ್ಡದಾಗಿರುವುದು. ‘ಮೆಗಲಿ’ ಎಲ್ಲಿ ಬಂದರೂ ಅಲ್ಲೊಂದು ಅಂಗ ಹಿಗ್ಗಿದೆ ಎಂದು ತಿಳಿಯಿರಿ. ಹೆಪಟೊಸೈಟ್ ಲಿವರ್‌ನ ಜೀವಕೋಶ.

ವಾರ್ಡಿನಲ್ಲಿ ನೀವು ಕೊಡುವ ಹೆಪಾರಿನ್ ಇಂಜೆಕ್ಷನ್ ಕೂಡ ಈ ಮನೆಯದೇ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ. ಲಿವರ್‌ಗೆ ಏನು ಸಂಬಂಧ? 1916ರಲ್ಲಿ ಮೆಕ್‌ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ನಾಯಿಯ ಲಿವರ್‌ನಿಂದ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವನ್ನು ತೆಗೆದ. ಆತನ ಪ್ರೊಫೆಸರ್ ಹೋವೆಲ್ 1918ರಲ್ಲಿ ಅಂಥದೇ ವಸ್ತುವಿಗೆ ಹೆಪಾರಿನ್ ಎಂದು ಹೆಸರಿಟ್ಟರು. ಈಗ ಅದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಹೆಸರು ಮಾತ್ರ ಲಿವರ್‌ನದೇ ಉಳಿಯಿತು.

ಇಲ್ಲಿ ಒಂದು ಮಾತನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ. ಕಾಸರಗೋಡಿನ ವಾರ್ಡಿನಲ್ಲಿ ಅಕ್ಕಪಕ್ಕದ ಎರಡು ಮಂಚದವರು ಬೇರೆ ಬೇರೆ ಭಾಷೆ ಮಾತಾಡುತ್ತಾರೆ. ಮಲಯಾಳಂನಲ್ಲಿ ‘ಕರಳ್’ ಎಂದರೆ ಲಿವರ್. ಕನ್ನಡದಲ್ಲಿ ‘ಕರುಳು’ ಎಂದರೆ ಏನೆಂದು ನಿಮಗೆ ಗೊತ್ತು. ಮಲಯಾಳಂನವರು ಅದಕ್ಕೆ ‘ಕುಡಲ್’ ಅನ್ನುತ್ತಾರೆ. ಪೆರ್ಲದ ಅಜ್ಜಿ ‘ಕರುಳಿನ ತೊಂದರೆ’ ಎಂದರೆ ನಿಮ್ಮ ತಲೆಯಲ್ಲಿ ಎಂಟೆರೊ ಬರಬೇಕು. ನೀಲೇಶ್ವರದ ಚೇಟ್ಟ ‘ಕರಳಿಗೆ ಸುಖವಿಲ್ಲ’ ಎಂಬ ಅರ್ಥದಲ್ಲಿ ಹೇಳಿದರೆ ಹೆಪಾಟೊ ಬರಬೇಕು. ಸಂಶಯ ಇದ್ದರೆ ಹೊಟ್ಟೆಯ ಯಾವ ಕಡೆ ಎಂದು ಕೈಯಿಟ್ಟು ತೋರಿಸಲು ಹೇಳಿ. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಹೋದರೆ ಲಿವರ್ ಇರುವ ಜಾಗ ಅದು. ನೋವಿಗೆ ಕಾರಣ ಅದೇ ಎಂದು ಮಾತ್ರ ನೀವೇ ತೀರ್ಮಾನ ಮಾಡಬೇಡಿ. ರೋಗಿ ಹೇಳಿದ್ದನ್ನು, ತೋರಿಸಿದ್ದನ್ನು ಹಾಗೆಯೇ ಬರೆದು ಡಾಕ್ಟರಿಗೆ ತಿಳಿಸಿ.

ಕಾರ್ಡಿಯೊ ಸುಲಭ. ‘ಕಾರ್ಡಿಯಾ’ ಎಂದರೆ ಹೃದಯ. ಹೃದಯದ ಪದರಗಳನ್ನು ಮುಂದಿನ ತುಂಡು ಹೇಳುತ್ತದೆ. ಎಂಡೊ ಒಳಗೆ, ಮಯೊ ಸ್ನಾಯು, ಪೆರಿ ಸುತ್ತ. ಇಷ್ಟು ಗೊತ್ತಾದರೆ ಎಂಡೊಕಾರ್ಡೈಟಿಸ್, ಮಯೊಕಾರ್ಡೈಟಿಸ್, ಪೆರಿಕಾರ್ಡೈಟಿಸ್ ಮೂರನ್ನೂ ಯಾರೂ ಹೇಳಿಕೊಡಬೇಕಿಲ್ಲ. ‘ಬ್ರಾಡಿ’ ಎಂದರೆ ನಿಧಾನ, ‘ಟ್ಯಾಕಿ’ ಎಂದರೆ ವೇಗ. ದೊಡ್ಡವರಲ್ಲಿ ಹೃದಯಬಡಿತ ನಿಮಿಷಕ್ಕೆ 60ಕ್ಕಿಂತ ಕಡಿಮೆಯಾದರೆ ಬ್ರಾಡಿಕಾರ್ಡಿಯಾ, 100 ದಾಟಿದರೆ ಟ್ಯಾಕಿಕಾರ್ಡಿಯಾ. ಕೆಲವು ಪುಸ್ತಕಗಳಲ್ಲಿ ಇಸಿಜಿ ಬದಲು ಇಕೆಜಿ ಎಂದಿರುತ್ತದೆ. ಜರ್ಮನ್ ಭಾಷೆಯಲ್ಲಿ ಕಾರ್ಡಿಯೊ ಪದವನ್ನು ‘ಕೆ’ ಅಕ್ಷರದಿಂದ ಬರೆಯುತ್ತಾರೆ, ಅದರಿಂದ ಹಾಗೆ. ಎರಡೂ ಒಂದೇ ಪರೀಕ್ಷೆ.

ಒಂದು ಎಚ್ಚರಿಕೆ. ಎಂಡೊಸ್ಕೋಪಿ ರಿಪೋರ್ಟಿನಲ್ಲಿ ‘ಕಾರ್ಡಿಯಾ’ ಎಂದು ಕಂಡರೆ ಅದು ಹೃದಯ ಅಲ್ಲ. ಅನ್ನನಾಳ ಬಂದು ಸೇರುವ ಕಡೆ ಜಠರದ ಮೇಲ್ಭಾಗಕ್ಕೂ ಅದೇ ಹೆಸರು.

ಕಿಡ್ನಿಗೆ ಎರಡು ಹೆಸರು ಯಾಕೆ ಎಂದು ಪ್ರತಿ ಬ್ಯಾಚಿನಲ್ಲೂ ಕೇಳುತ್ತಾರೆ. ನೆಫ್ರೊ ಗ್ರೀಕ್, ರೀನಲ್ ಲ್ಯಾಟಿನ್. ಶ್ವಾಸಕೋಶಕ್ಕೆ ನ್ಯುಮೊ ಗ್ರೀಕ್, ಪಲ್ಮೊನರಿ ಲ್ಯಾಟಿನ್. ಅಂಗರಚನೆ ಹೇಳುವಾಗ ಲ್ಯಾಟಿನ್, ರೋಗ ಮತ್ತು ಆಪರೇಷನ್ ಹೇಳುವಾಗ ಗ್ರೀಕ್ ಬರುವುದು ಹೆಚ್ಚು. ರಕ್ತನಾಳ ರೀನಲ್ ಆರ್ಟರಿ, ರೋಗ ನೆಫ್ರೈಟಿಸ್.

ಬಾಲಗಳಲ್ಲಿ ತುಂಬ ಜನ ಎಡವುವುದು ಮೂರು ಕಡೆ: ಟಮಿ, ಎಕ್ಟಮಿ, ಸ್ಟಮಿ. ‘ಟಮಿ’ ಎಂದರೆ ಕೊಯ್ಯುವುದು, ಅಷ್ಟೇ. ‘ಎಕ್’ ಎಂದರೆ ಹೊರಗೆ, ಹಾಗಾಗಿ ‘ಎಕ್ಟಮಿ’ ಎಂದರೆ ಕೊಯ್ದು ತೆಗೆದುಬಿಡುವುದು. ‘ಸ್ಟೋಮಾ’ ಎಂದರೆ ಬಾಯಿ, ಹಾಗಾಗಿ ‘ಸ್ಟಮಿ’ ಎಂದರೆ ಹೊಸದಾಗಿ ಒಂದು ಬಾಯಿ ಮಾಡಿಕೊಡುವುದು. ಗ್ಯಾಸ್ಟ್ರಾಟಮಿ ಆದವರ ಜಠರವನ್ನು ತೆರೆದು ಹೊಲಿದಿರುತ್ತಾರೆ. ಗ್ಯಾಸ್ಟ್ರೆಕ್ಟಮಿ ಆದವರಿಗೆ ಜಠರ ಪೂರ್ತಿ ಅಥವಾ ಅರ್ಧಂಬರ್ಧ ಇರುವುದಿಲ್ಲ. ಗ್ಯಾಸ್ಟ್ರಾಸ್ಟಮಿ ಆದವರಿಗೆ ಹೊಟ್ಟೆಯ ಮೇಲಿನ ಆ ಬಾಯಿಯಿಂದ ಟ್ಯೂಬಿನಲ್ಲಿ ಆಹಾರ ಕೊಡಬೇಕು. ಒಂದೆರಡು ಅಕ್ಷರ ಬದಲಾದರೆ ನಿಮ್ಮ ಇಡೀ ದಿನದ ಕೆಲಸವೇ ಬದಲಾಗುತ್ತದೆ.

‘ಆಲ್ಜಿಯಾ’ ಎಂದರೆ ನಮ್ಮ ಬೇನೆ. ಆರ್ಥ್ರಾಲ್ಜಿಯಾ ಗಂಟುಬೇನೆ. ಆರ್ಥ್ರೈಟಿಸ್ ಎಂದಾಗ ಗಂಟಿನಲ್ಲಿ ಉರಿಯೂತವೂ ಇದೆ ಎಂದರ್ಥ. ‘ಈಮಿಯಾ’ ರಕ್ತದ ಸಂಗತಿ, ‘ಯೂರಿಯಾ’ ಮೂತ್ರದ ಸಂಗತಿ, ‘ಪೀನಿಯಾ’ ಎಂದರೆ ಬಡತನ, ಅಂದರೆ ಕೊರತೆ.

ಮುಂದಿನ ತುಂಡುಗಳಲ್ಲಿ ನಿಮಗೆ ಪರಿಚಯದವರೇ ಸಿಗುತ್ತಾರೆ. ಸಂಸ್ಕೃತ ಮತ್ತು ಗ್ರೀಕ್ ದಾಯಾದಿ ಭಾಷೆಗಳು, ನಾವು ಕನ್ನಡದಲ್ಲಿ ಬಳಸುವ ಎಷ್ಟೋ ಉಪಸರ್ಗಗಳು ಸಂಸ್ಕೃತದವು. ಪೆರಿ ನಮ್ಮ ‘ಪರಿ’, ಪರಿಧಿಯಲ್ಲಿ ಇರುವುದು. ಡಿಸ್ ನಮ್ಮ ‘ದುಸ್’, ದುಸ್ಥಿತಿಯಲ್ಲಿ ಇರುವುದು. ಡಿಸ್ಪ್ನಿಯಾ ಎಂದರೆ ಉಸಿರಾಟಕ್ಕೆ ಕಷ್ಟ. ಇಲ್ಲ ಎನ್ನುವ ‘ಅ’ ಎರಡೂ ಭಾಷೆಯಲ್ಲಿ ಒಂದೇ, ಸ್ವರದ ಮುಂದೆ ‘ಅನ್’ ಆಗುವ ನಿಯಮವೂ ಒಂದೇ. ಅಶಾಂತಿ, ಅನಾರೋಗ್ಯ, ಅಪ್ನಿಯಾ, ಅನೀಮಿಯಾ. ಆಸ್ಟಿಯೊ ಎಂದರೆ ಎಲುಬು, ಅದು ‘ಅಸ್ಥಿ’. ಒಡಾಂಟೊ ಎಂದರೆ ಹಲ್ಲು, ಅದು ‘ದಂತ’.

ಹೈಪರ್ ನಮ್ಮ ‘ಉಪರಿ’, ಮೇಲೆ. ಹೈಪೊ ನಮ್ಮ ‘ಉಪ’, ಕೆಳಗೆ. ಅಧ್ಯಕ್ಷರ ಕೆಳಗೆ ಉಪಾಧ್ಯಕ್ಷರು. ಈ ಜೋಡಿಯನ್ನು ಎಂದೂ ಅದಲುಬದಲು ಮಾಡಬೇಡಿ. ಗ್ಲೈಕೊ ಎಂದರೆ ಸಿಹಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೈಪೊಗ್ಲೈಸೀಮಿಯಾ. ಆಗ ಬೇಕಾದದ್ದು ಸಕ್ಕರೆ. ಅಂಥವರನ್ನು ಹೈಪರ್ ಎಂದು ತಿಳಿದು ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ. ಫೋನಿನಲ್ಲಿ ಡಾಕ್ಟರ್ ಹೇಳಿದರೆ ಪದದ ಜೊತೆ ಸಂಖ್ಯೆಯನ್ನೂ ಹೇಳಿ ಖಚಿತ ಮಾಡಿಕೊಳ್ಳಿ.

ಈಗ ಒಂದು ಕೇಸ್ ಶೀಟ್ ಓದೋಣ. ಅಭ್ಯಾಸಕ್ಕಾಗಿ ನಾನೇ ಬರೆದದ್ದು. ಜುಲೈ ತಿಂಗಳು, ಮಳೆ ಜೋರು. 45 ವರ್ಷದ ಅಡಿಕೆ ತೋಟದ ಕೆಲಸದವರು ದಾಖಲಾಗಿದ್ದಾರೆ. ಬರಿಗಾಲಲ್ಲಿ ತೋಟದ ಕಣಿ ಬಿಡಿಸಿದ್ದಾರೆ, ಹಿಮ್ಮಡಿಯಲ್ಲಿ ಗಾಯ ಇದೆ. ಶೀಟಿನಲ್ಲಿ ಹೀಗಿದೆ: ಪೈರೆಕ್ಸಿಯಾ, ಸೆಫಲಾಲ್ಜಿಯಾ, ಮಯಾಲ್ಜಿಯಾ, ಇಕ್ಟೆರಸ್, ಹೆಪಟೊಮೆಗಲಿ, ಆಲಿಗೂರಿಯಾ, ಥ್ರಾಂಬೊಸೈಟೊಪೀನಿಯಾ. ಸಂಶಯ: ಲೆಪ್ಟೊಸ್ಪೈರೋಸಿಸ್.

ಒಂದೊಂದಾಗಿ ಒಡೆಯಿರಿ. ‘ಪೈರ್’ ಎಂದರೆ ಬೆಂಕಿ, ಪೈರೆಕ್ಸಿಯಾ ಜ್ವರ. ಸೆಫಲೊ ತಲೆ, ಆಲ್ಜಿಯಾ ಬೇನೆ, ಆದ್ದರಿಂದ ತಲೆಬೇನೆ. ಮಯಾಲ್ಜಿಯಾ ಮೈಕೈಬೇನೆ, ಇಲ್ಲೂ ಲೋಪಸಂಧಿ ಆಗಿದೆ ನೋಡಿ. ಇಕ್ಟೆರಸ್ ಎಂದರೆ ಕಾಮಾಲೆ, ಮಲಯಾಳಂನ ಮಂಜಪ್ಪಿತ್ತ. ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ‘ಆಲಿಗೊ’ ಎಂದರೆ ಸ್ವಲ್ಪ. ದೊಡ್ಡವರಲ್ಲಿ 24 ಗಂಟೆಗೆ ಮೂತ್ರ 400 ಮಿಲಿಲೀಟರಿಗಿಂತ ಕಡಿಮೆಯಾದರೆ ಆಲಿಗೂರಿಯಾ. ಹಾಗಾಗಿ ಈ ರೋಗಿಯ ಕುಡಿದ ನೀರು, ಹೋದ ಮೂತ್ರದ ಲೆಕ್ಕ ಒಂದು ತೊಟ್ಟೂ ತಪ್ಪಬಾರದು. ಥ್ರಾಂಬೊ ಹೆಪ್ಪು, ಸೈಟೊ ಕೋಶ, ಪೀನಿಯಾ ಕೊರತೆ. ಹೆಪ್ಪುಗಟ್ಟಿಸುವ ಕೋಶಗಳ, ಅಂದರೆ ಪ್ಲೇಟ್‌ಲೆಟ್‌ಗಳ ಕೊರತೆ. ಸೂಜಿ ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು, ಒಸಡಿನಲ್ಲಿ ರಕ್ತ ಬರುತ್ತಿದೆಯೇ ಎಂದು ಕೇಳಬೇಕು.

ಇನ್ನು ರೋಗದ ಹೆಸರು. ‘ಲೆಪ್ಟೊ’ ತೆಳ್ಳಗಿನ, ‘ಸ್ಪೈರಾ’ ಸುರುಳಿ. ತೆಳ್ಳಗೆ ಸುರುಳಿಯಾಗಿರುವ ಬ್ಯಾಕ್ಟೀರಿಯಾದಿಂದ ಬರುವ ರೋಗ. ಇಲಿಯ ಮೂತ್ರ ಸೇರಿದ ನೀರಿನಿಂದ, ಗಾಯದ ಮೂಲಕ ಒಳಗೆ ಹೋಗುತ್ತದೆ. ನಮ್ಮ ಊರಿನವರು ಇಲಿಜ್ವರ ಅನ್ನುವುದು ಇದನ್ನೇ. ಲಿವರ್, ಕಿಡ್ನಿ ಎರಡಕ್ಕೂ ಅದು ಪೆಟ್ಟು ಕೊಡಬಹುದು. ಕಾಮಾಲೆಯೂ ಆಲಿಗೂರಿಯಾವೂ ಒಂದೇ ಶೀಟಿನಲ್ಲಿ ಯಾಕೆ ಬಂದವು ಎಂದು ಈಗ ಗೊತ್ತಾಯಿತಲ್ಲ?

ರೋಗಿಯ ಹೆಂಡತಿ ಬಂದು ‘ಸಿಸ್ಟರ್, ಇವರಿಗೆ ಏನಾಗಿದೆ?’ ಎಂದು ಕೇಳಿದರೆ ಈ ಗ್ರೀಕ್ ಯಾವುದೂ ಬಾಯಿಗೆ ಬರಬಾರದು. ‘ಅಕ್ಕ, ಇಲಿಜ್ವರ ಇರಬಹುದು ಅಂತ ಡಾಕ್ಟರಿಗೆ ಸಂಶಯ. ಲಿವರ್ ಸ್ವಲ್ಪ ದೊಡ್ಡದಾಗಿದೆ, ಮೂತ್ರ ಕಡಿಮೆ ಹೋಗ್ತಾ ಇದೆ. ಬಾಟ್ಲಿಯಲ್ಲಿ ಹಿಡಿದಿಡಿ, ಚೆಲ್ಲಬೇಡಿ, ನಾನು ಬಂದು ಅಳೀತೇನೆ.’ ಇಷ್ಟು ಸಾಕು. ತುಳುವಿನವರಾದರೆ ತುಳುವಿನಲ್ಲಿ ಹೇಳಿ.

ಸೋಮವಾರದ ಕ್ಲಾಸಿಗೆ ಈ ಐದನ್ನು ಒಡೆದು ತನ್ನಿ: ಕಾರ್ಡಿಯೊಮೆಗಲಿ, ನೆಫ್ರೆಕ್ಟಮಿ, ಆಸ್ಟಿಯೊಆರ್ಥ್ರೈಟಿಸ್, ಹೈಪರ್‌ಗ್ಲೈಸೀಮಿಯಾ, ಗ್ಯಾಸ್ಟ್ರಾಲ್ಜಿಯಾ. ಪ್ರತಿಯೊಂದರ ಕೆಳಗೆ ಎರಡು ಸಾಲು ಇರಲಿ. ಒಂದು ಚಾರ್ಟಿನಲ್ಲಿ ಬರೆಯುವ ಹಾಗೆ, ಇನ್ನೊಂದು ರೋಗಿಯ ಮನೆಯವರಿಗೆ ಹೇಳುವ ಹಾಗೆ.