ಬಿಟ್ಟ ಪದ ತುಂಬಿರಿ: ಜಾತಿ ವ್ಯವಸ್ಥೆ

ದ್ವಿತೀಯ ಪಿಯುಸಿ, ಸಮಾಜಶಾಸ್ತ್ರ, ಕಲಬುರಗಿ
ಸಮಯ: 25 ನಿಮಿಷ. ಅಂಕ: 15

ಸೂಚನೆ: ಪುಸ್ತಕ ಮುಚ್ಚಿಡಿ. ಪೆನ್ನು ಹಿಡಿಯುವ ಮೊದಲು ಪೂರಾ ಪಾಠ ಒಂದು ಸಲ ಓದಿ; ಸುಳಿವು ಬಹಳ ಸಲ ಗೆರೆಯ ಮುಂದಿನ ಮಾತಿನಲ್ಲಿದೆ. ಗೆರೆಗಳೆಲ್ಲ ಒಂದೇ ಉದ್ದ, ಅಳತೆ ನೋಡಿ ಪದ ಊಹಿಸಬೇಡಿ. ಪೆಟ್ಟಿಗೆಯ ಪದವನ್ನು ಇದ್ದಂತೆಯೇ ಬರೆಯಿರಿ, ಪ್ರತ್ಯಯ ಸೇರಿಸಬೇಕಿಲ್ಲ. ಪೆಟ್ಟಿಗೆಯಲ್ಲಿ 17 ಪದಗಳಿವೆ, ಎರಡು ಬೇಕಿಲ್ಲದವು.

ಪದಪೆಟ್ಟಿಗೆ: ಬಹಿರ್ವಿವಾಹ, ಜಜಮಾನಿ ಪದ್ಧತಿ, ಸಾಧಿತ ಅಂತಸ್ತು, ಕೊಡಗು, ಅಸ್ಪೃಶ್ಯತೆ, ಪಾಶ್ಚಾತ್ಯೀಕರಣ, ಶ್ರೇಣೀಕರಣ, ಸಾಮಾಜಿಕ ಸ್ತರವಿನ್ಯಾಸ, ರಚನಾತ್ಮಕ, ಅನುಭವ ಮಂಟಪ, ಒಳವಿವಾಹ, ಆಯಗಾರರು, ಜಿ.ಎಸ್. ಘುರ್ಯೆ, ಪ್ರಬಲ ಜಾತಿ, ಅನುಲೋಮ ವಿವಾಹ, ಆರೋಪಿತ ಅಂತಸ್ತು, ಸಂಸ್ಕೃತೀಕರಣ

ಜನರನ್ನು ಮೇಲು ಕೀಳೆಂದು ಪದರ ಪದರವಾಗಿ ಜೋಡಿಸುವ ವ್ಯವಸ್ಥೆಗೆ (1) ________ ಎಂದು ಹೆಸರು. ವರ್ಗದಲ್ಲಿ ಮೇಲೇರುವ ದಾರಿ ತೆರೆದಿರುತ್ತದೆ. ಜಾತಿಯಲ್ಲಿ ಸ್ಥಾನ ತೊಟ್ಟಿಲಲ್ಲೇ ಸಿಗುತ್ತದೆ. ಹೀಗೆ ಹುಟ್ಟಿನಿಂದ ಬರುವುದು (2) ________. ಆಳಂದದ ತೊಗರಿ ರೈತನ ಮಗಳು ಓದಿ ಇಂಜಿನಿಯರ್ ಆದರೆ ಆ ಸ್ಥಾನ (3) ________. ಅವಳ ಜಾತಿ ಮಾತ್ರ ಬದಲಾಗುವುದಿಲ್ಲ.

ಜಾತಿಯ ಆರು ಲಕ್ಷಣಗಳನ್ನು 1932ರಲ್ಲಿ ಪಟ್ಟಿ ಮಾಡಿದವರು (4) ________. ಮೊದಲನೆಯದು ಸಮಾಜದ ಖಂಡಾತ್ಮಕ ವಿಭಜನೆ. ಎರಡನೆಯದು (5) ________, ಅಂದರೆ ಒಂದರ ಮೇಲೊಂದು ಮೆಟ್ಟಿಲು. ಊಟ ಮತ್ತು ಒಡನಾಟದ ಕಟ್ಟುಪಾಡು, ನಾಗರಿಕ ಮತ್ತು ಧಾರ್ಮಿಕ ನಿರ್ಬಂಧ, ವೃತ್ತಿ ಆಯ್ಕೆಗೆ ತಡೆ ಮುಂದಿನವು. ಆರನೆಯದು ಮದುವೆಯ ಕಟ್ಟುಪಾಡು. ತನ್ನ ಜಾತಿಯಲ್ಲೇ ಸಂಬಂಧ ಬೆಳೆಸಬೇಕೆಂಬುದು (6) ________. ಆದರೆ ಜಾತಿ ಒಂದೇ ಆದರೂ ಸಗೋತ್ರದವರು ಮದುವೆಯಾಗಬಾರದು; ಈ ನಿಯಮ (7) ________. ಎರಡೂ ನಿಯಮ ಒಂದೇ ಮನೆಯಲ್ಲಿ ಒಟ್ಟಿಗೆ ನಡೆಯುತ್ತವೆ.

ಕೆಳಗಿನ ಜಾತಿ ಮೇಲಿನ ಜಾತಿಯ ಆಚಾರ, ಆಹಾರ, ವಿಧಿಗಳನ್ನು ಅನುಸರಿಸಿ ಮೇಲಿನ ಸ್ಥಾನ ಕೇಳುವುದನ್ನು ಎಂ.ಎನ್. ಶ್ರೀನಿವಾಸ್ ಕರೆದದ್ದು (8) ________ ಎಂದು. 1952ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಕ್ಷೇತ್ರವಾದ ಪ್ರದೇಶ (9) ________. ಈ ಕ್ರಿಯೆಯಿಂದ ಒಂದು ಜಾತಿ ಒಂದು ಮೆಟ್ಟಿಲು ಮೇಲೇರಬಹುದು, ಏಣಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಇದು ಸ್ಥಾನದ ಬದಲಾವಣೆಯೇ ಹೊರತು (10) ________ ಬದಲಾವಣೆ ಅಲ್ಲ. ಊರಲ್ಲಿ ಸಂಖ್ಯೆ, ಹೊಲ, ರಾಜಕೀಯ ಬಲ ಮೂರೂ ಇರುವ ಜಾತಿ ಅವರ ಮಾತಿನಲ್ಲಿ (11) ________. ಅದು ಶ್ರೇಣಿಯ ತುದಿಯಲ್ಲೇ ಇರಬೇಕೆಂದಿಲ್ಲ.

ಕುಳ ಹಣಿದುಕೊಡುವ ಕಮ್ಮಾರನಿಗೆ, ಕುಂಟೆ ಕೂರಿಗೆ ಮಾಡಿಕೊಡುವ ಬಡಿಗನಿಗೆ ರೈತ ದಿನಗೂಲಿ ಕೊಡುತ್ತಿರಲಿಲ್ಲ; ಸುಗ್ಗಿಯಲ್ಲಿ ಕಣದಲ್ಲೇ ಜೋಳ ಅಳೆದು ಕೊಡುತ್ತಿದ್ದ. ಈ ಪರಂಪರಾಗತ ಕೊಡುಕೊಳ್ಳುವಿಕೆಯನ್ನು ಉತ್ತರ ಪ್ರದೇಶದ ಒಂದು ಹಳ್ಳಿಯಲ್ಲಿ ಅಧ್ಯಯನ ಮಾಡಿ ವಿಲಿಯಂ ವೈಸರ್ 1936ರಲ್ಲಿ ವಿವರಿಸಿದರು. ಅದರ ಹೆಸರು (12) ________. ಸೇವೆ ಸಲ್ಲಿಸಿ ಪಾಲು ಪಡೆಯುವವರಿಗೆ ಕನ್ನಡದ ಹಳ್ಳಿಗಳಲ್ಲಿ (13) ________ ಎನ್ನುವ ರೂಢಿ.

ಸಂವಿಧಾನದ 17ನೇ ವಿಧಿ ರದ್ದುಪಡಿಸಿದ್ದು (14) ________. ಅದಕ್ಕೂ ಎಷ್ಟೋ ಮೊದಲು, 12ನೇ ಶತಮಾನದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಶರಣರು ಜಾತಿಭೇದ ಬಿಟ್ಟು ಕೂಡಿ ಮಾತಾಡಿದ ನೆಲೆಯೆಂದು ಪರಂಪರೆ ಹೇಳುವುದು (15) ________.

ಉತ್ತರಗಳು (ಬೇರೆ ಹಾಳೆ, ತಿದ್ದುವವರಿಗೆ)

1 ಸಾಮಾಜಿಕ ಸ್ತರವಿನ್ಯಾಸ. 2 ಆರೋಪಿತ ಅಂತಸ್ತು. 3 ಸಾಧಿತ ಅಂತಸ್ತು. 4 ಜಿ.ಎಸ್. ಘುರ್ಯೆ. 5 ಶ್ರೇಣೀಕರಣ. 6 ಒಳವಿವಾಹ. 7 ಬಹಿರ್ವಿವಾಹ. 8 ಸಂಸ್ಕೃತೀಕರಣ. 9 ಕೊಡಗು. 10 ರಚನಾತ್ಮಕ. 11 ಪ್ರಬಲ ಜಾತಿ. 12 ಜಜಮಾನಿ ಪದ್ಧತಿ. 13 ಆಯಗಾರರು. 14 ಅಸ್ಪೃಶ್ಯತೆ. 15 ಅನುಭವ ಮಂಟಪ.

ಅತಿ ಹೆಚ್ಚು ತಪ್ಪುವುದು 6 ಮತ್ತು 7: ಅದಲುಬದಲು. ‘ಒಳ’ ಎಂದರೆ ಜಾತಿಯ ಒಳಗೆ, ‘ಬಹಿರ್’ ಎಂದರೆ ಗೋತ್ರದ ಹೊರಗೆ. ಎರಡೂ ಗುಂಪು ಬೇರೆ ಬೇರೆ ಎಂದು ಕರಿಹಲಗೆಯ ಮೇಲೆ ಒಂದರೊಳಗೊಂದು ಎರಡು ವೃತ್ತ ಬರೆದು ತೋರಿಸಿ. 1 ಮತ್ತು 5 ಕೂಡ ಅದಲುಬದಲಾಗುತ್ತವೆ. ಮೊದಲನೆಯದು ವರ್ಗಕ್ಕೂ ಜಾತಿಗೂ ಅನ್ವಯಿಸುವ ದೊಡ್ಡ ಹೆಸರು, ಐದನೆಯದು ಜಾತಿಯ ಆರು ಲಕ್ಷಣಗಳಲ್ಲಿ ಒಂದು. ಅದಲುಬದಲಾದರೆ ಎರಡಕ್ಕೂ ಅಂಕವಿಲ್ಲ. 8ಕ್ಕೆ ‘ಪಾಶ್ಚಾತ್ಯೀಕರಣ’ ಬರೆದವರು ‘ಆಚಾರ, ವಿಧಿ’ ಎಂಬ ಮಾತು ಓದದೆ ಶ್ರೀನಿವಾಸರ ಹೆಸರಷ್ಟೇ ನೋಡಿದ್ದಾರೆ. ಆ ಪದವೂ ಅವರ ಬರಹದ್ದೇ, ಅದಕ್ಕೇ ಪೆಟ್ಟಿಗೆಯಲ್ಲಿ ಇಟ್ಟದ್ದು. 8ಕ್ಕೆ ‘ಸಂಸ್ಕೃತಾನುಕರಣ’, 12ಕ್ಕೆ ‘ಜಜ್ಮಾನಿ’ ಬರೆದರೂ ಪೂರ್ತಿ ಅಂಕ. ಒತ್ತಕ್ಷರ ತಪ್ಪಿ ಪದ ಗುರುತಾದರೆ ಅರ್ಧ ಅಂಕ.

‘ಜಾತಿ’, ‘ವರ್ಗ’ ಎಂಬ ಪದಗಳನ್ನು ತೆಗೆದಿಲ್ಲ. ಅವು ಹೋದರೆ ವಾಕ್ಯ ನಿಲ್ಲುವುದಿಲ್ಲ, ಮಕ್ಕಳು ಪಾಠದ ಬದಲು ಒಗಟು ಬಿಡಿಸುತ್ತಾರೆ.